ಸೂಜಿಯ ಲೆಕ್ಕ ಇದೆ, ಬೆರಳಿನ ಲೆಕ್ಕ ಎಲ್ಲಿ?

‘ಸೂಜಿ ಮನೆಯಲ್ಲೂ ಚುಚ್ಚುತ್ತೆ. ಅದನ್ನೆಲ್ಲ ಅಪಘಾತ ಅನ್ನೋಕಾಗುತ್ತಾ?’ ಗಾರ್ಮೆಂಟ್ಸ್ ಕಾರ್ಖಾನೆಗಳ ಪರ ಮಾತಾಡುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: ‘ನಮ್ಮಲ್ಲಿ ಮುರಿದ ಒಂದೊಂದು ಸೂಜಿಗೂ ರೆಕಾರ್ಡ್ ಇದೆ, ಬೇಕಾದರೆ ಬಂದು ನೋಡಿ.’ ಆ ರೆಕಾರ್ಡನ್ನು ನೋಡಲು ನಾನು ಎಲ್ಲಿಗೂ ಹೋಗಬೇಕಿಲ್ಲ. ಟೈಲರ್ ಆಗಿ ಸೇರಿ, ಆಮೇಲೆ ಲೈನ್ ಸೂಪರ್‌ವೈಸರ್ ಆದವಳು ನಾನು. ಆ ಪುಸ್ತಕವನ್ನು ವರ್ಷಗಟ್ಟಲೆ ನನ್ನ ಕೈಯಲ್ಲೇ ಬರೆದಿದ್ದೇನೆ.

ಮನೆಯ ಮಾತನ್ನು ಮೊದಲು ಮುಗಿಸೋಣ. ಮನೆಯಲ್ಲಿ ಕಾಲಿನಿಂದ ತುಳಿಯುವ ಮಷಿನ್ ನಿಮಿಷಕ್ಕೆ ಕೆಲವು ನೂರು ಹೊಲಿಗೆ ಹಾಕಿದರೆ ಹೆಚ್ಚು. ಕಾರ್ಖಾನೆಯ ಸಿಂಗಲ್ ನೀಡಲ್ ಮಷಿನ್ ನಿಮಿಷಕ್ಕೆ 4,000 ಹಾಕುತ್ತದೆ, ಅಂದರೆ ಸೆಕೆಂಡಿಗೆ 66. ನೋವು ತಲೆಗೆ ತಲುಪಿ ಕಾಲು ಪೆಡಲ್ ಬಿಡುವ ಹೊತ್ತಿಗೆ ಸೂಜಿ ಹತ್ತಾರು ಸಲ ಇಳಿದು ಹತ್ತಿರುತ್ತದೆ. ಅಜ್ಜಿಯ ಬೆರಳಿಗೆ ಚುಚ್ಚಿದ ಕೈಸೂಜಿಗೂ ಇದಕ್ಕೂ ಹೋಲಿಕೆ ಕೊಡುವವರು ಒಂದು ದಿನವೂ ಆ ಮಷಿನ್ ಮುಂದೆ ಕೂತವರಲ್ಲ.

ಇನ್ನು ಆ ಪುಸ್ತಕ. ಸೂಜಿ ಮುರಿದರೆ ಟೈಲರ್ ಮಷಿನ್ ನಿಲ್ಲಿಸಿ ಕೈ ಎತ್ತಬೇಕು. ಸೂಪರ್‌ವೈಸರ್ ಬಂದು ಚೂರುಗಳನ್ನೆಲ್ಲ ಹುಡುಕಬೇಕು. ನೆಲದ ಮೇಲೆ ಅಯಸ್ಕಾಂತ ಆಡಿಸಬೇಕು, ಮಷಿನ್ ಕೆಳಗಿನ ಎಣ್ಣೆ ತಟ್ಟೆಯಲ್ಲೂ ನೋಡಬೇಕು. ಸಿಕ್ಕ ಚೂರುಗಳನ್ನು ಪುಸ್ತಕದಲ್ಲಿ ಸೆಲೋಟೇಪ್ ಹಾಕಿ ಒಂದರ ಕೆಳಗೊಂದು ಅಂಟಿಸಿ, ಇಡೀ ಸೂಜಿ ಕೂಡಿತೇ ಎಂದು ನೋಡಬೇಕು. ತಾರೀಖು, ಸಮಯ, ಲೈನ್ ನಂಬರ್, ಮಷಿನ್ ನಂಬರ್, ಟೈಲರ್ ಟೋಕನ್ ನಂಬರ್, ಸೂಜಿಯ ಸೈಜು, ಮುರಿದ ಕಾರಣ, ಹೊಸ ಸೂಜಿ ಕೊಟ್ಟವರ ಸಹಿ, ಇಷ್ಟಕ್ಕೂ ಕಾಲಂ ಇದೆ. ಒಂದು ಚೂರು ಸಿಗದಿದ್ದರೂ ಆ ಮಷಿನ್ ಸುತ್ತಲಿನ ಪೀಸುಗಳೆಲ್ಲ ಬೇರೆಯಾಗಿ ಮೆಟಲ್ ಡಿಟೆಕ್ಟರಿಗೆ ಹೋಗಬೇಕು. ಆ ಡಿಟೆಕ್ಟರ್ 1.2 ಮಿಲಿಮೀಟರ್ ಕಬ್ಬಿಣದ ಗುಂಡನ್ನು ಹಿಡಿಯುತ್ತದೋ ಇಲ್ಲವೋ ಎಂಬುದನ್ನೂ ಪರೀಕ್ಷಿಸಿ ಬರೆದಿಡುತ್ತಾರೆ.

ಈ ನಿಯಮ ಸರಿಯಾದದ್ದು. ದೂರದ ಯಾವುದೋ ಊರಿನ ಮಗು ಹಾಕಿಕೊಳ್ಳುವ ಅಂಗಿಯಲ್ಲಿ ಸೂಜಿಯ ಮೊನೆ ಉಳಿಯಬಾರದು. ನನ್ನ ಸಿಟ್ಟು ಆ ಪುಸ್ತಕದಲ್ಲಿ ಇಲ್ಲದ ಒಂದು ಕಾಲಂ ಬಗ್ಗೆ. ಸೂಜಿ ಯಾರ ಬೆರಳಲ್ಲಿ ಮುರಿಯಿತು, ಆ ಬೆರಳು ಏನಾಯಿತು ಎಂದು ಅದು ಕೇಳುವುದೇ ಇಲ್ಲ.

ನಾನೇ ಬರೆದ ಒಂದು ಪುಟದ ಕಥೆ ಹೇಳುತ್ತೇನೆ. ಕಾರ್ಖಾನೆಯ ಹೆಸರು ಬೇಡ, ಆಕೆಯ ಹೆಸರೂ ಬೇಡ. ಶರ್ಟಿನ ತೋಳಿಗೆ ಕಫ್ ಕೂರಿಸುವ ಕೆಲಸ, ಗಂಟೆಗೆ 80 ಟಾರ್ಗೆಟ್. ಅಂದರೆ ಒಂದು ಕಫ್‌ಗೆ 45 ಸೆಕೆಂಡು. ತೋಳು ಎತ್ತಿಕೊಳ್ಳುವುದು, ಕೂರಿಸುವುದು, ಹೊಲಿಯುವುದು, ದಾರ ಕತ್ತರಿಸುವುದು ಎಲ್ಲ ಅಷ್ಟರೊಳಗೆ ಆಗಬೇಕು. ಕಫ್ ಚಿಕ್ಕದು, ಹಾಗಾಗಿ ಬೆರಳು ಪ್ರೆಷರ್ ಫೂಟಿನ ಪಕ್ಕದಲ್ಲೇ ಇರಬೇಕಾಗುತ್ತದೆ. ಸೂಜಿಯ ಮುಂದೆ ಫಿಂಗರ್ ಗಾರ್ಡ್ ಎಂಬ ತಂತಿಯ ಬೇಲಿ ಇರುತ್ತದೆ. ದಪ್ಪ ಜಾಯಿಂಟ್ ಬಂದಾಗ ಅದು ಅಡ್ಡ ಬರುತ್ತದೆ, ಹೊಲಿಗೆಯ ಅಂಚು ಕಾಣುವುದಿಲ್ಲ. ಅದನ್ನು ಮೇಲಕ್ಕೆ ಬಗ್ಗಿಸಿಕೊಂಡೇ ಎಲ್ಲರೂ ಹೊಲಿಯುತ್ತಿದ್ದರು. ನನಗೆ ಗೊತ್ತಿತ್ತು. ಫ್ಲೋರ್ ಇನ್‌ಚಾರ್ಜ್‌ಗೂ ಗೊತ್ತಿತ್ತು. ‘ಅಕ್ಕ, ಗಾರ್ಡ್ ಇಳಿಸಿದರೆ ಅರವತ್ತೂ ಆಗಲ್ಲ’ ಎಂದು ಆಕೆ ಹೇಳಿದಾಗ ನಾನು ಸುಮ್ಮನಾಗಿದ್ದೆ.

ಸಂಜೆ ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ತೋಳಿನ ಪಟ್ಟಿ ಕಫ್‌ಗೆ ಸೇರುವ ಕಡೆ ಬಟ್ಟೆ ಆರೇಳು ಪದರ ದಪ್ಪ ಇರುತ್ತದೆ. ಅಲ್ಲಿ ಬಟ್ಟೆ ತಡೆದು ನಿಂತಿತು. ಆಕೆ ತೋರುಬೆರಳಿಂದ ಒತ್ತಿ ಮುಂದೆ ತಳ್ಳಿದಳು. ಬಟ್ಟೆ ಒಮ್ಮೆಲೇ ಜಾರಿತು, ಅದರ ಜೊತೆ ಬೆರಳೂ ಹೋಯಿತು. 11ನೇ ನಂಬರ್ ಸೂಜಿ ಉಗುರಿನ ಮೂಲಕ ಇಳಿದು ಮೂಳೆಗೆ ತಾಗಿತು. ಸೂಜಿ ಮುರಿಯುವುದು ಇಂಥ ಹೊತ್ತಿನಲ್ಲೇ: ಕೆಳಗಿನ ಹಲ್ಲುಗಳು ಬಟ್ಟೆಯನ್ನು ಒಂದು ಕಡೆ ಎಳೆಯುತ್ತವೆ, ನೋವಿಗೆ ಕೈ ಇನ್ನೊಂದು ಕಡೆ ಎಳೆಯುತ್ತದೆ, ನಡುವೆ ಸಿಕ್ಕ ಸೂಜಿ ಬಗ್ಗಿ ಪಟ್ಟನೆ ಮುರಿಯುತ್ತದೆ. ಮೆಕ್ಯಾನಿಕ್ ಓಡಿ ಬಂದು ಚಕ್ರವನ್ನು ಕೈಯಲ್ಲೇ ತಿರುಗಿಸಿ ಸೂಜಿಯ ಕಂಬಿ ಎತ್ತಿದ. ಬೆರಳಿಂದ ಹೊರಗೆ ಕಾಣುತ್ತಿದ್ದ ತುಂಡನ್ನು ಇಕ್ಕಳದಲ್ಲಿ ಎಳೆದ. ಮೇಲಿನ ತುಂಡು ಮಷಿನ್ನಿನಲ್ಲೇ ಇತ್ತು. ಎರಡು ಸಿಕ್ಕವು, ಮೊನೆ ಸಿಗಲಿಲ್ಲ.

ಮುಂದಿನ ಇಪ್ಪತ್ತೈದು ನಿಮಿಷ ನಾವು ಆರು ಜನ ಆ ಮೊನೆಗಾಗಿ ನೆಲ ಹುಡುಕಿದೆವು. ಹನ್ನೆರಡು ಪೀಸು ಬೇರೆ ಮಾಡಿ ಡಿಟೆಕ್ಟರಿಗೆ ಕಳಿಸಿದೆವು. ಅದೇ ಹೊತ್ತಿನಲ್ಲಿ ಆಕೆ ಫಸ್ಟ್ ಏಡ್ ರೂಮಿನಲ್ಲಿ ಒಬ್ಬಳೇ ಕೂತಿದ್ದಳು. ಅಯೋಡಿನ್, ಬ್ಯಾಂಡೇಜು, ಒಂದು ಟಿಟಿ ಇಂಜೆಕ್ಷನ್ ಆಯಿತು. ಕಳೆದುಹೋದ ಮೊನೆ ಆ ಬೆರಳಲ್ಲೇ ಇರಬಹುದು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಪುಸ್ತಕದಲ್ಲಿ ಬೆರಳಿನ ಕಾಲಂ ಇದ್ದಿದ್ದರೆ ಬರೆಯುವಾಗಲಾದರೂ ಹೊಳೆಯುತ್ತಿತ್ತು. ನಾನು ಬರೆದದ್ದು ಇಷ್ಟು: ‘ಮೂರು ತುಂಡು, ಎರಡು ಸಿಕ್ಕಿದೆ, ಪೀಸುಗಳು ಕ್ಲಿಯರ್.’ ಕಾರಣ: ‘ಆಪರೇಟರ್ ಅಜಾಗರೂಕತೆ.’

ಮಾರನೇ ದಿನ ಆಕೆ ಕೆಲಸಕ್ಕೆ ಬಂದಳು. ಮಷಿನ್ನಿಗೆ ಕೂರಿಸಲಿಲ್ಲ, ದಾರ ಕತ್ತರಿಸುವ ಟೇಬಲ್ಲಿಗೆ ಹಾಕಿದೆವು. ಅದನ್ನು ದಯೆ ಎಂದುಕೊಂಡಿದ್ದೆ. ಅದರ ಹಿಂದೆ 48 ಎಂಬ ಸಂಖ್ಯೆ ಇದೆ ಎಂದು ತಿಳಿದದ್ದು ಆಮೇಲೆ.

ಗಾಯಗೊಂಡವರು 48 ಗಂಟೆ ಕೆಲಸ ಮಾಡಲಾಗದೆ ಹೋದರೆ ಮಾತ್ರ ಕಾರ್ಖಾನೆ ಆ ಅಪಘಾತವನ್ನು ಇನ್ಸ್‌ಪೆಕ್ಟರಿಗೆ ತಿಳಿಸಬೇಕು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಇದ್ದದ್ದು ಹೀಗೆ. ಅದರ ಜಾಗಕ್ಕೆ ತಂದ 2020ರ ಸುರಕ್ಷತಾ ಸಂಹಿತೆಯಲ್ಲೂ ಅದೇ 48 ಗಂಟೆ. ಬ್ಯಾಂಡೇಜ್ ಹಾಕಿದ ಕೈಗೆ ಕತ್ತರಿ ಕೊಟ್ಟು ಟೇಬಲ್ ಮುಂದೆ ಕೂರಿಸಿದರೆ 48 ಗಂಟೆ ಎಂದಿಗೂ ತುಂಬುವುದಿಲ್ಲ. ಗಂಟೆ ತುಂಬದಿದ್ದರೆ ಅಪಘಾತವೇ ಇಲ್ಲ. ವರ್ಷದ ಕೊನೆಗೆ ‘ನಮ್ಮಲ್ಲಿ ಅಪಘಾತ ಸೊನ್ನೆ’ ಎಂದು ಬೋರ್ಡು ಬರೆಸಿ ಗೇಟಿಗೆ ಹಾಕುತ್ತಾರೆ. ಗಾರ್ಮೆಂಟ್ಸ್ ಅಪಾಯವಿಲ್ಲದ ಉದ್ಯಮ ಎಂದು ಭಾಷಣ ಮಾಡುವವರು ನಂಬಿಕೊಂಡಿರುವುದು ಆ ಸೊನ್ನೆಯನ್ನು. ಅದನ್ನು ಕಟ್ಟಿದ್ದು ದಾರ ಕತ್ತರಿಸುವ ಟೇಬಲ್ಲಿನ ಮೇಲೆ, ನನ್ನಂಥವರ ಕೈಯಿಂದ.

ನಾಲ್ಕನೇ ದಿನ ಬೆರಳು ಊದಿ ಕೀವಾಯಿತು. ಇಎಸ್‌ಐ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆಯ ಪಕ್ಕದಲ್ಲಿ ಮೂರು ಮಿಲಿಮೀಟರ್ ಮೊನೆ ಬೆಳ್ಳಗೆ ಕಾಣುತ್ತಿತ್ತು. ಕೊಯ್ದು ತೆಗೆದರು, ಹನ್ನೆರಡು ದಿನ ರಜೆ ಬರೆದರು. ಆ ಮೊನೆಯನ್ನು ಪುಟ್ಟ ಬಾಟಲಿಯಲ್ಲಿ ಹಾಕಿಸಿಕೊಂಡು ಆಕೆ ಲೈನಿಗೆ ತಂದಳು. ‘ಅಕ್ಕ, ಇದನ್ನೂ ಬುಕ್ಕಲ್ಲಿ ಅಂಟಿಸಿ, ಪೂರ್ತಿ ಆಗುತ್ತೆ’ ಅಂದಳು. ನಾನು ಕ್ವಾಲಿಟಿಯವರನ್ನು ಕೇಳಿದೆ. ಆ ಪುಟ ಕ್ಲೋಸ್ ಆಗಿದೆ, ಈಗ ಮುಟ್ಟಿದರೆ ಆಡಿಟ್‌ನಲ್ಲಿ ತೊಂದರೆ ಅಂದರು. ಅಂಟಿಸಲಿಲ್ಲ.

ದುಡ್ಡಿನ ಲೆಕ್ಕವನ್ನೂ ಹೇಳಬೇಕು. ಕೆಲಸದಲ್ಲಿ ಆದ ಗಾಯ ಎಂದು ದಾಖಲಾದರೆ ಇಎಸ್‌ಐ ರಜೆಯ ದಿನಗಳಿಗೆ ಸರಾಸರಿ ಕೂಲಿಯ ನೂರಕ್ಕೆ 90 ಭಾಗ ಕೊಡುತ್ತದೆ. ಬರೀ ಕಾಯಿಲೆ ಎಂದಾದರೆ 70 ಭಾಗ, ಅದೂ ಮೊದಲ ಎರಡು ದಿನ ಬಿಟ್ಟು. ದಿನಗೂಲಿ 450 ಎಂದು ಇಟ್ಟುಕೊಳ್ಳಿ. ಗಾಯವಾದರೆ ಹನ್ನೆರಡು ದಿನಕ್ಕೆ 4,860 ರೂಪಾಯಿ, ಕಾಯಿಲೆಯಾದರೆ 3,150. ಆಕ್ಸಿಡೆಂಟ್ ಬುಕ್ಕಿನಲ್ಲಿ ಆಕೆಯ ಹೆಸರೇ ಇರಲಿಲ್ಲ, ಹಾಗಾಗಿ ಬೆರಳಿಗೆ ಸೂಜಿ ಹೊಕ್ಕದ್ದು ಕಾಯಿಲೆ ಎಂದು ಲೆಕ್ಕವಾಯಿತು. ‘ಅಜಾಗರೂಕತೆ ಅಂತ ಬರೆದಿದೆ, ಏನೂ ಸಿಗಲ್ಲ’ ಎಂದು ಆಫೀಸಿನಲ್ಲಿ ಹೆದರಿಸಿಯೂ ಇದ್ದರು. ಅದು ಹಸಿ ಸುಳ್ಳು. ಕೆಲಸದ ಹೊತ್ತಿನಲ್ಲಿ, ಮಾಲೀಕನ ಕೆಲಸ ಮಾಡುವಾಗ ಪೆಟ್ಟಾದರೆ, ನಿಯಮ ಮೀರಿ ಮಾಡಿದ್ದರೂ ಅದು ಕೆಲಸದ ಗಾಯವೇ ಎಂದು ಇಎಸ್‌ಐ ಕಾಯ್ದೆಯ 51ಬಿ ಕಲಮು ಹೇಳುತ್ತಿತ್ತು. ಗಾರ್ಡ್ ಎತ್ತಿದ್ದಳು ಎಂಬುದು ಅವಳ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ನಾನು ಬರೆದ ಎರಡು ಪದದಿಂದ ಆದದ್ದು ಒಂದೇ, ಆಕೆಗೆ ಕೇಳುವ ಧೈರ್ಯ ಹೋಯಿತು.

ಗಾರ್ಮೆಂಟ್ಸ್ ಹೆಂಗಸರ ಬಗ್ಗೆ ಸರ್ಕಾರಗಳು ನಡೆದುಕೊಂಡು ಬಂದಿರುವುದೂ ಹೀಗೆಯೇ. ಪಿಎಫ್‌ನ ಪೂರ್ತಿ ಹಣ ತೆಗೆಯದಂತೆ ಕೇಂದ್ರ ಸರ್ಕಾರ ತಂದ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಸಾವಿರಾರು ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು; ಆ ನಿಯಮ ಹಿಂದಕ್ಕೆ ಹೋಯಿತು. ಬೀದಿಗಿಳಿಯುವ ತನಕ ಅವರನ್ನು ಕೇಳಿದವರಿಲ್ಲ. 2023ರಲ್ಲಿ ವಿರಾಮವೂ ಸೇರಿ ದಿನಕ್ಕೆ 12 ಗಂಟೆ ದುಡಿಸಬಹುದು ಎಂದು ರಾಜ್ಯ ಕಾಯ್ದೆ ತಿದ್ದಿದಾಗಲೂ ಕೇಳಲಿಲ್ಲ. ವಾರಕ್ಕೆ 48 ಗಂಟೆಯ ಮಿತಿ ಇದೆಯಲ್ಲ ಎಂದು ಸಮರ್ಥಿಸುವವರು ಎಂಟು ಗಂಟೆ ಹೊಲಿದ ಬೆರಳಿಗೂ ಹನ್ನೊಂದು ಗಂಟೆ ಹೊಲಿದ ಬೆರಳಿಗೂ ಇರುವ ವ್ಯತ್ಯಾಸವನ್ನು ಯಾವ ಟೈಲರ್ ಬಳಿಯಾದರೂ ಕೇಳಿ ತಿಳಿದುಕೊಳ್ಳಲಿ.

ನಾನು ಕೇಳುತ್ತಿರುವುದು ಅದೇ ಪುಸ್ತಕದಲ್ಲಿ ಮೂರು ಕಾಲಂ. ಬೆರಳಿಗೆ ಚುಚ್ಚಿತೇ? ಚುಚ್ಚಿ, ತುಂಡೂ ಕಡಿಮೆ ಬಿದ್ದಿದ್ದರೆ ಅದೇ ದಿನ ಎಕ್ಸ್‌ರೇ ಆಯಿತೇ? ಗಾರ್ಡ್ ಎಲ್ಲಿತ್ತು, ಆ ಗಂಟೆಯ ಟಾರ್ಗೆಟ್ ಎಷ್ಟಿತ್ತು? ‘ಅಜಾಗರೂಕತೆ’ ಎಂಬ ಪದವನ್ನು ಆ ಪುಸ್ತಕದಿಂದ ತೆಗೆದುಹಾಕಬೇಕು. ಆ ಪದ ಬರೆದ ಮೇಲೆ ಸೂಜಿಯ ಸೈಜು ಬಟ್ಟೆಯ ದಪ್ಪಕ್ಕೆ ಸರಿಯಿತ್ತೇ ಎಂದು ಯಾರೂ ನೋಡುವುದಿಲ್ಲ, ಅಂಚು ಕಾಣುವಂಥ ಗಾರ್ಡನ್ನು ಯಾವ ಮೆಕ್ಯಾನಿಕ್ಕೂ ಹುಡುಕುವುದಿಲ್ಲ. ಇದು ಹೆಚ್ಚಿನ ಹೊರೆ ಎನ್ನುತ್ತಾರೆ. ಮೂರು ಮಿಲಿಮೀಟರ್ ಚೂರಿಗಾಗಿ ಆರು ಜನರನ್ನು ನೆಲದ ಮೇಲೆ ತೆವಳಿಸಲು ಸಮಯವಿದ್ದವರಿಗೆ ಮೂರು ಸಾಲು ಬರೆಯಲು ಸಮಯವಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಲೈನಿನಲ್ಲಿರುವ ಅಕ್ಕತಂಗಿಯರಿಗೆ ಒಂದು ಮಾತು. ಸೂಜಿ ಚುಚ್ಚಿದರೆ ಕೈಯನ್ನು ಎಳೆಯಬೇಡಿ, ಚಕ್ರ ತಿರುಗಿಸಿ ಸೂಜಿ ಎತ್ತಲು ಹೇಳಿ. ತುಂಡುಗಳನ್ನು ಕೂಡಿಸುವಾಗ ನೀವೂ ನಿಂತು ನೋಡಿ. ಮೊನೆ ಇಲ್ಲದಿದ್ದರೆ ಎಕ್ಸ್‌ರೇ ಆಗುವ ತನಕ ಬಿಡಬೇಡಿ. ಆಕ್ಸಿಡೆಂಟ್ ಬುಕ್ಕಿನಲ್ಲಿ ಹೆಸರು ಬರೆಸಿ. ಅದಕ್ಕೆ ಅರ್ಜಿ ಬೇಕಿಲ್ಲ, ಸೂಪರ್‌ವೈಸರಿಗೆ ಬಾಯಲ್ಲಿ ಹೇಳಿದರೂ ಇಎಸ್‌ಐ ನಿಯಮದಲ್ಲಿ ಅದು ತಿಳಿಸಿದಂತೆಯೇ. ನಾಲ್ಕು ಜನರ ಎದುರು ಹೇಳಿ, ಅದೇ ದಿನ ಹೇಳಿ.