ಬಿಳಿ ಕೂದಲು ತಂತಿ ಥರ ಯಾಕೆ? (ಕೂದಲ ಕಥೆ, ಭಾಗ 4)

ಬೈತಲೆ ಪಕ್ಕ ಒಂದೇ ಒಂದು ಬಿಳಿ ಕೂದಲು ಸೆಟೆದು ನಿಂತಿರುತ್ತೆ. ಎಷ್ಟು ಬಾಚಿದರೂ ಮಲಗಲ್ಲ, ಮುಟ್ಟಿದ್ರೆ ಒರಟು. ಮನೆಯಲ್ಲಿ "ಎಣ್ಣೆ ಹಚ್ಚು" ಅಂತಾರೆ, ರೀಲ್ಸ್‌ನಲ್ಲಿ "ಸಿಲ್ವರ್ ಶಾಂಪೂ ತಗೊಳ್ಳಿ" ಅಂತಾರೆ. ನನ್ನ ಮಾತು ಬೇರೆ: ಮೊದಲು ನಿಮ್ಮ ಬಕೆಟ್ಟಿನ ನೀರು ನೋಡಿ.

ಆ ಒರಟುತನಕ್ಕೆ ಎರಡು ಕಾರಣ ಇವೆ, ಎರಡನ್ನೂ ಬೆರೆಸಬೇಡಿ.

ಮೊದಲನೆಯದು ಹುಟ್ಟುಗುಣ. ಕೂದಲಿನ ಬುಡದಲ್ಲಿ ಬಣ್ಣ ತುಂಬುವ ಜೀವಕೋಶಗಳು ಕೆಲಸ ನಿಲ್ಲಿಸಿದಾಗ ಕೂದಲು ಬಿಳಿಯಾಗಿಯೇ ಹೊರಗೆ ಬರುತ್ತೆ. ಇಂಥ ಕೂದಲು ಎಷ್ಟೋ ಸಲ ಪಕ್ಕದ ಕಪ್ಪು ಕೂದಲಿಗಿಂತ ದಪ್ಪ ಇರುತ್ತೆ, ಸ್ವಲ್ಪ ಸೊಟ್ಟನೂ ಇರುತ್ತೆ. ಸೊಟ್ಟ ಇದ್ದರೆ ನೆತ್ತಿಯ ಎಣ್ಣೆ ತುದಿವರೆಗೆ ಸುಲಭವಾಗಿ ಇಳಿಯಲ್ಲ. ವಯಸ್ಸಾದ ಮೇಲೆ ಆ ಎಣ್ಣೆ ಬರುವುದೇ ಕಡಿಮೆ, ಅದಕ್ಕೇ ಅಮ್ಮಂದಿರ ಕೂದಲು ಒಣಗೋದು. ಇಪ್ಪತ್ತರಲ್ಲಿ ನಮ್ಮ ನೆತ್ತಿಗೆ ಎಣ್ಣೆಯ ಬರ ಏನಿಲ್ಲ. ಹಾಗಾಗಿ ಇನ್ನಷ್ಟು ಎಣ್ಣೆ ಸುರಿಯೋದು ನಮಗೆ ಉತ್ತರ ಅಲ್ಲ.

ಎರಡನೆಯದು ನೀರು. ನಮ್ಮ ಬಿಳೇಕಹಳ್ಳಿ ಕಡೆ ಎಷ್ಟೋ ಅಪಾರ್ಟ್‌ಮೆಂಟು, ಪಿಜಿಗಳಲ್ಲಿ ಕಾವೇರಿ ನೀರು ಸಾಲದೆ ಬೋರ್ ನೀರೋ ಟ್ಯಾಂಕರ್ ನೀರೋ ಸೇರಿರುತ್ತೆ. ನಲ್ಲಿ ಬಾಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದು ಗಡಸು ನೀರು. ಅದರ ಕ್ಯಾಲ್ಸಿಯಂ ಕೂದಲ ಮೇಲೂ ಕೂರುತ್ತೆ. ಬಾರ್ ಸೋಪಲ್ಲಿ ತಲೆ ತೊಳೆದರಂತೂ ಸೋಪು ಆ ಕ್ಯಾಲ್ಸಿಯಂ ಜೊತೆ ಸೇರಿ ಅಂಟುಅಂಟಾದ ಕಸವಾಗಿ ಉಳಿಯುತ್ತೆ.

ಪರೀಕ್ಷೆ ಸುಲಭ. ಬಾಟಲಿಯಲ್ಲಿ ಅರ್ಧ ನೀರು, ಚೂರು ಬಾರ್ ಸೋಪು ಹಾಕಿ ಕುಲುಕಿ. ನೊರೆ ಬರದೆ ನೀರು ಹಾಲಿನ ಥರ ಆದರೆ ಗಡಸು. ಆಮೇಲೆ ಒಂದು ಬಿಳಿ ಕೂದಲನ್ನು ಬುಡದಿಂದ ತುದಿವರೆಗೆ ಬೆರಳಲ್ಲಿ ಸವರಿ. ಬುಡದಿಂದಲೇ ಒರಟಿದ್ದರೆ ಹೆಚ್ಚಾಗಿ ಹುಟ್ಟುಗುಣ. ಬುಡ ನಯ, ತುದಿ ಒರಟು ಅಂದರೆ ನೀರು, ಬಿಸಿಲು, ಸ್ಟ್ರೈಟನರ್ ಕೆಲಸ.

ನಮ್ಮ ಅಮ್ಮನ ಕೂದಲಿಗೆ ಒಂದು ತಿಂಗಳು ಮಾಡಿದ್ದು ಇಷ್ಟೇ. ವಾರಕ್ಕೆ ಎರಡೇ ಸ್ನಾನ. ಅರ್ಧ ಗಂಟೆ ಮೊದಲು ಒಂದು ಚಮಚ ಕೊಬ್ಬರಿ ಎಣ್ಣೆ, ಉದ್ದಕ್ಕೆ ಮಾತ್ರ. ಈ ಎಣ್ಣೆ ಕೂದಲಿನ ಒಳಗೆ ಹೋಗಿ, ತೊಳೆಯುವಾಗ ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತೆ. ಶಾಂಪೂ ನೆತ್ತಿಗೆ ಮಾತ್ರ, ಕಂಡೀಷನರ್ ತುದಿಗೆ ಎರಡು ನಿಮಿಷ. ಕೊನೆಯ ಎರಡು ಮಗ್ ಮಾತ್ರ ಹಿಡಿದಿಟ್ಟ ಕಾವೇರಿ ನೀರು. ಹದಿನೈದು ದಿನಕ್ಕೊಮ್ಮೆ ಆ ನೀರಿಗೆ ಲೀಟರ್‌ಗೆ ಒಂದು ಟೀ ಚಮಚ ಬಿಳಿ ವಿನೆಗರ್. ಅದರ ಹುಳಿ ಕ್ಯಾಲ್ಸಿಯಂ ಪದರವನ್ನು ಕರಗಿಸುತ್ತೆ. ಒರೆಸೋಕೆ ಟವೆಲ್ ಬದಲು ಹಳೆ ಕಾಟನ್ ಟೀ ಶರ್ಟ್, ಉಜ್ಜದೆ ಒತ್ತಿ.

ಜಿಗುಟು ಹೋಯಿತು, ಬಾಚಣಿಗೆ ಸಿಕ್ಕಿಕೊಳ್ಳೋದು ನಿಂತಿತು. ಸೊಟ್ಟ ಮಾತ್ರ ಹಾಗೇ ಇದೆ. ಅದು ಹೋಗಲ್ಲ, ಹೋಗುತ್ತೆ ಅಂತ ಮಾರುವವರನ್ನು ನಂಬಬೇಡಿ.

ಮೂರು ಎಚ್ಚರಿಕೆ. ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ತಲೆಗೆ ಹಾಕಬೇಡಿ, ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ. ನಲ್ಲಿಗೆ ಸಿಕ್ಕಿಸುವ ಚಿಕ್ಕ ಫಿಲ್ಟರ್‌ಗೆ ದುಡ್ಡು ಕೊಡುವ ಮುಂಚೆ ಕೇಳಿ: ಉಪ್ಪು ಹಾಕಿ ರೀಚಾರ್ಜ್ ಮಾಡುವ ರಾಳ ಇದರಲ್ಲಿ ಇದೆಯಾ? ಇಲ್ಲದಿದ್ದರೆ ಅದು ಕ್ಲೋರಿನ್ ವಾಸನೆ ತೆಗೆಯಬಹುದು, ಗಡಸು ತೆಗೆಯೋದು ಅನುಮಾನ. ಹಾಗೆಯೇ ಸೀಗೆಪುಡಿಯನ್ನು ನೇರ ಉಜ್ಜಬೇಡಿ. ನೆನೆಸಿ, ಸೋಸಿ, ನೀರನ್ನಷ್ಟೇ ಬಳಸಿ. ಅದು ಸೋಪಿನ ಥರ ಗಡಸು ನೀರಲ್ಲಿ ಒಡೆಯಲ್ಲ, ಆದರೆ ಪುಡಿಯ ಕಣ ಕೂದಲನ್ನು ಗೀರುತ್ತೆ.

ನೇರಳೆ ಶಾಂಪೂ? ಅದು ಬಿಳಿ ಕೂದಲ ಹಳದಿ ಛಾಯೆಯನ್ನು ಮರೆಮಾಚುತ್ತೆ, ಮೃದು ಮಾಡಲ್ಲ. ಆ ಹಳದಿಗೆ ಬಿಸಿಲೂ ಕಾರಣ. ಕೂದಲಿಗೆ ಬಣ್ಣವೇ ಒಂದು ಕೊಡೆ, ಬಿಳಿ ಕೂದಲಿಗೆ ಅದಿಲ್ಲ. ಬನ್ನೇರುಘಟ್ಟ ರಸ್ತೆ ಬಸ್ ಸ್ಟಾಪಲ್ಲಿ ದುಪಟ್ಟಾನೋ ಟೋಪಿನೋ ಇದ್ದರೆ ಸಾಕು.

ಇನ್ನು ನಿಮ್ಮದೇ ತಲೆಯಲ್ಲಿ ಇಪ್ಪತ್ತೈದಕ್ಕೆ ಮುಂಚೆ ಬೇಗ ಬೇಗ ಬೆಳ್ಳಗಾಗ್ತಿದ್ದರೆ ಶಾಂಪೂ ಹುಡುಕಬೇಡಿ. ಡಾಕ್ಟರ್ ಹತ್ರ ಬಿ12, ಥೈರಾಯ್ಡ್ ಪರೀಕ್ಷೆ ಬಗ್ಗೆ ಕೇಳಿ.

ಬಾಟಲಿ ಕುಲುಕಿ ನೋಡಿ, ನೊರೆ ಬಂತಾ ಹಾಲಾಯ್ತಾ ಅಂತ ಕಾಮೆಂಟಲ್ಲಿ ಏರಿಯಾ ಹೆಸರಿನ ಜೊತೆ ಹಾಕಿ.