ಶಾಲು ಹೊದಿಸಿದ ಮೇಲೆ ಮೈಕು ಅವಳ ಕೈಗೂ ಕೊಡಿ

ಸಹೋದರಿಯರೇ, ಸಂಘಗಳ ವಾರ್ಷಿಕ ಸಾಮಾನ್ಯ ಸಭೆಗಳು ಬಂದವು ಎಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ನನಗೂ ವೇದಿಕೆ ಮೇಲೆ ಒಂದು ಖುರ್ಚಿ ಸಿಗುತ್ತದೆ. ಅಲ್ಲಿ ಕುಳಿತು ಸನ್ಮಾನ ಪಡೆದವರ ಮಾತು ಬಹಳ ಕೇಳಿದ್ದೇನೆ. ಹಾಲು ಪರೀಕ್ಷಕಿ, ಸಹಾಯಕಿ, ಕೃತಕ ಗರ್ಭಧಾರಣೆ ಕಾರ್ಯಕರ್ತೆ ಇಂಥವರಿಗೆ ಶಾಲು, ಹಾರ, ತೆಂಗಿನಕಾಯಿ ಕೊಟ್ಟು "ಎರಡು ಮಾತು ಹೇಳ್ರಿ" ಎನ್ನುತ್ತಾರೆ. ಅವರು ಸೆರಗಿನ ಮರೆಯಿಂದ ಒಂದು ಚೀಟಿ ತೆಗೆದು ಓದುತ್ತಾರೆ: "ಸನ್ಮಾನ್ಯ ಅಧ್ಯಕ್ಷರೇ, ನಿರ್ದೇಶಕರೇ, ನನ್ನ ಇಡೀ ತಂಡಕ್ಕೆ ಹೃತ್ಪೂರ್ವಕ ಧನ್ಯವಾದಗಳು." ಚೀಟಿ ಬರೆದವರು ಬೇರೆ ಯಾರೋ. ಓದುವವರಿಗೂ ಅದು ತಮ್ಮ ಮಾತು ಅನಿಸುವುದಿಲ್ಲ, ಕೆಳಗೆ ಕುಳಿತ ನಿಮಗಂತೂ ಮೊದಲೇ ಇಲ್ಲ.

ಇದರಲ್ಲಿ ನಾನೇನು ಶಾಣ್ಯಾ ಅಲ್ಲ. ಒಮ್ಮೆ ನನಗೂ ಸಣ್ಣ ಸನ್ಮಾನ ಆಯಿತು. ಹಳೆಯ ಭಾಷಣವೊಂದನ್ನು ಮೊಬೈಲಿನಲ್ಲಿಟ್ಟುಕೊಂಡು ಓದುತ್ತಾ ಹೋದೆ. ಎಂಟು ತಿಂಗಳ ಹಿಂದೆ ವರ್ಗವಾಗಿ ಹೋಗಿದ್ದ ಅಧಿಕಾರಿಗೆ "ವೇದಿಕೆ ಮೇಲಿರುವ" ಎಂದು ವಂದನೆ ಹೇಳಿಬಿಟ್ಟೆ. ಜನ ನಕ್ಕರು. ಆ ದಿನ ನನ್ನ ಜೊತೆ ನಿಜವಾಗಿ ದುಡಿದ ಪಶು ಚಿಕಿತ್ಸಾಲಯದ ಸಹಾಯಕರು ಕೊನೆಯ ಸಾಲಿನಲ್ಲಿ ನಿಂತಿದ್ದರು. ಅವರ ಹೆಸರು ನನ್ನ ಬಾಯಿಗೆ ಬರಲೇ ಇಲ್ಲ.

ಈಗ ಬೀಳಗಿ ತಾಲೂಕಿನ ಒಂದು ಮಹಿಳಾ ಸಂಘದ ಪರೀಕ್ಷಕಿಯ ವಿಷಯ ಹೇಳುತ್ತೇನೆ. ಸಭೆಯ ಹಿಂದಿನ ಸಂಜೆ ನಾನು ಅವರ ಓಣಿಯಲ್ಲಿ ಎಮ್ಮೆ ನೋಡಲು ಹೋಗಿದ್ದಾಗ ಚೀಟಿ ಹಿಡಿದು ಬಂದಳು. "ಸರ್, ಇದು ಬಾಯಿಪಾಠ ಆಗವಲ್ದು" ಎಂದಳು. ಚೀಟಿ ಬದಿಗಿಡು ಎಂದು ಒಂದೇ ಪ್ರಶ್ನೆ ಕೇಳಿದೆ: ಈ ವರ್ಷ ಯಾವ ದಿನ, ಯಾರು ಇಲ್ಲದಿದ್ದರೆ ನಿನ್ನ ಕೆಲಸ ನಿಲ್ಲುತ್ತಿತ್ತು? ಅವಳು ಕಟ್ಟೆಯ ಮೇಲೆ ಕುಳಿತು ಹೇಳುತ್ತಾ ಹೋದಳು. ಅದನ್ನು ನಾನು ಬರೆದುಕೊಡಲಿಲ್ಲ. ಬರೆದಿದ್ದರೆ ಅದು ಇನ್ನೊಂದು ಚೀಟಿ ಆಗುತ್ತಿತ್ತು. ಅಂಗೈಯಷ್ಟು ರಟ್ಟಿನ ಮೇಲೆ ಅವಳೇ ನಾಲ್ಕು ಶಬ್ದ ಬರೆದುಕೊಂಡಳು: ರಬ್ಬರ್, ಬ್ಯಾಟರಿ, ಸೂಜಿ, ಗಾಡಿ. ರಾತ್ರಿ ಅಡುಗೆ ಮಾಡುತ್ತಾ ಎರಡು ಸಲ ಗಂಡನ ಮುಂದೆ ಹೇಳಿ ನೋಡಿದಳಂತೆ, ಅಷ್ಟೇ.

ಮರುದಿನ ಅವಳು ಆಡಿದ್ದು ನನಗೆ ನೆನಪಿದ್ದಷ್ಟು ಹೀಗೆ. ಅವಳು ಹೆಸರು ಹಿಡಿದೇ ಹೇಳಿದಳು, ಇಲ್ಲಿ ನಾನು ಹೆಸರು ಬಿಟ್ಟಿದ್ದೇನೆ.

"ಎಲ್ಲಾರಿಗೂ ನಮಸ್ಕಾರ್ರೀ. ಶಾಲು ನನಗ ಹಾಕ್ಯಾರ. ಆದ್ರ ಮುಂಜಾನೆ ಸಂಘದ ಬಾಗಲಾ ತಗಿಯೋರು ನಾ ಅಲ್ರೀ, ನಮ್ಮ ಕ್ಯಾನ್ ತೊಳಿಯೋ ಅವ್ವಾರು. ನಾ ಬರೂದ್ರಾಗ ಕ್ಯಾನ್ ತೊಳದು ಬೋರಲ ಹಾಕಿರ್ತಾರ. ಮುಚ್ಚಳದ ರಬ್ಬರ್ ಬಿಚ್ಚಿ ತೊಳಿತಾರ್ರೀ, ಅದನ್ನ ಯಾರೂ ನೋಡಂಗಿಲ್ಲ. ಹೋದ ಬ್ಯಾಸಗ್ಯಾಗ ನಮ್ಮ ಹಾಲು ಹುಳಿ ಅಂತ ಒಂದಿನಾನೂ ಹೊಳ್ಳಿ ಬರಲಿಲ್ಲ. ಅದು ಅವ್ವಾರ ಕೈ. ಗಾಳಿ-ಮಳಿ ಆಗಿ ಕರೆಂಟ್ ಹೋದ ದಿನ ಮಶೀನ್ ಬಂದ್ ಬಿತ್ತು. ಕಾರ್ಯದರ್ಶಿ ಅಕ್ಕಾರು ಮನೀಗೆ ಹೋಗಿ ಬ್ಯಾಟರಿ ಹೊತಗೊಂಡು ಬಂದ್ರು. ನೀವೆಲ್ಲಾ ಮುಕ್ಕಾಲು ತಾಸು ಬೋಗೋಣಿ ಹಿಡಕೊಂಡು ನಿಂತ್ರಿ. ಅಂದಾಜ್ ಫ್ಯಾಟ್ ಬರ್ಕೊ ಅಂತ ಒಬ್ಬರೂ ಅನ್ಲಿಲ್ಲ. ಇನ್ನ ಒಬ್ಬ ಅಕ್ಕಾರ ಹಾಲ ನಾ ತಗೊಳ್ಳಲಿಲ್ಲ, ಹೆಸರ ಹೇಳಂಗಿಲ್ಲ. ಸಿಟ್ಟಿಗೆದ್ದು ಹೋದ್ರು. ಮರುದಿನ ಪಾಳೇದಾಗ ಅವರ ಮೊದಲು ನಿಂತಿದ್ರು. 'ತಂಗೀ, ಸೂಜಿ ಮಾಡಿಸಿದ ಆಕಳ ಹಾಲು ಬಿಟ್ಟು ಬರೀ ಎಮ್ಮೀದು ತಂದೀನಿ' ಅಂದ್ರು. ಅಕ್ಕಾರ, ನೀವು ಇಲ್ಲೇ ಕುಂತೀರಿ. ನಿಮಗ ನನ್ನ ನಮಸ್ಕಾರ."

ಎರಡು ನಿಮಿಷವೂ ಆಗಲಿಲ್ಲ. ಆದರೆ ಮಕ್ಕಳನ್ನು ಸುಮ್ಮನಿರಿಸಿ ಎಲ್ಲರೂ ಕೇಳಿದರು.

ಏಕೆ ಕೇಳಿದರು ಎಂದು ನಾನು ಯೋಚಿಸಿದ್ದೇನೆ. "ಸಹಕಾರ ನೀಡಿದ" ಎಂಬ ಮಾತನ್ನು ಯಾರ ಬಗ್ಗೆ ಬೇಕಾದರೂ ಹೇಳಬಹುದು. ರಬ್ಬರ್ ಬಿಚ್ಚಿ ತೊಳೆದದ್ದನ್ನು ಆ ಅವ್ವನ ಬಗ್ಗೆ ಮಾತ್ರ ಹೇಳಬಹುದು. ಆ ಕೆಲಸದ ಬೆಲೆಯೂ ದೊಡ್ಡದು. ಮುಚ್ಚಳದ ರಬ್ಬರಿನ ಸಂದಿಯಲ್ಲಿ ಉಳಿದ ಹಾಲು ರಾತ್ರಿಯಲ್ಲಿ ಹುಳಿಯಾಗುತ್ತದೆ. ಬೆಳಿಗ್ಗೆ ಅದರ ಮೇಲೆ ಒಳ್ಳೆಯ ಹಾಲು ಸುರಿದರೆ ಡೇರಿಗೆ ಮುಟ್ಟುವುದರೊಳಗೆ ಇಡೀ ಕ್ಯಾನು ಕೆಡಬಹುದು. ಕ್ಯಾನು ಹೊರಗಿನಿಂದ ಫಳಫಳ ಹೊಳೆಯುತ್ತಿರುತ್ತದೆ. ರಬ್ಬರ್ ಬಿಚ್ಚಿ ಮೂಗಿಗೆ ಹಿಡಿದರೆ ಮಾತ್ರ ಗೊತ್ತಾಗುತ್ತದೆ.

ಸೂಜಿಯ ಮಾತು ಇನ್ನೂ ನಾಜೂಕಿನದು. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಕೊಟ್ಟ ಮೇಲೆ ವೈದ್ಯರು ಹೇಳಿದಷ್ಟು ದಿನ ಆ ಆಕಳ ಹಾಲನ್ನು ಸಂಘಕ್ಕೆ ಹಾಕಬಾರದು. ಬಾವು ಬಂದದ್ದು ಒಂದೇ ಮೊಲೆಗಾದರೂ ನಾಲ್ಕೂ ಮೊಲೆಯ ಹಾಲು ಬಿಡಬೇಕು. ಫ್ಯಾಟ್ ನೋಡುವ ಯಂತ್ರ ಇದನ್ನು ಹಿಡಿಯುವುದಿಲ್ಲ. ನೀವು ಹೇಳಿದರೆ ಮಾತ್ರ ಪರೀಕ್ಷಕಿಗೆ ತಿಳಿಯುತ್ತದೆ. ಹಾಲು ತಿರುಗಿಸಿದಾಗ "ಇವಳು ಬೇಕಂತಲೇ ಮಾಡ್ತಾಳೆ" ಎಂಬ ಮಾತು ಊರಲ್ಲಿ ಹುಟ್ಟುವುದು ನಮಗೆಲ್ಲ ಗೊತ್ತಿದ್ದದ್ದೇ. ಅದಕ್ಕೇ ಅವಳು ಆ ಅಕ್ಕನಿಗೆ ಕೃತಜ್ಞತೆ ಹೇಳಿದ್ದು ಸರಿ, ಹೆಸರು ಹೇಳದೆ ಬಿಟ್ಟದ್ದು ಇನ್ನೂ ಸರಿ. ಹೊಗಳಿಕೆಯಲ್ಲೇ ಒಬ್ಬರ ತಪ್ಪು ಹೊರಗೆ ಬೀಳುವಂತಿದ್ದರೆ ಕೆಲಸ ಹೇಳಬೇಕು, ಹೆಸರು ನುಂಗಬೇಕು. ಹಾಗೆಯೇ ಕ್ಯಾನ್ ತೊಳೆಯುವವರ ಹೆಸರನ್ನು ಮಾತ್ರ ಎಂದೂ ನುಂಗಬಾರದು, ಏಕೆಂದರೆ ಅದು ಬೇರೆಲ್ಲೂ ಬರುವುದಿಲ್ಲ.

ದೊಡ್ಡವರೂ ಹೀಗೇ ಮಾಡಿದ್ದಾರೆ. 1963ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ವರ್ಗೀಸ್ ಕುರಿಯನ್ ಅವರಿಗೆ ಬಂದಾಗ ತ್ರಿಭುವನದಾಸ್ ಪಟೇಲ್ ಮತ್ತು ದಾರಾ ಖುರೋಡಿ ಅವರಿಗೂ ಜೊತೆಯಾಗಿ ಬಂತು. ಆದರೆ ಎಮ್ಮೆ ಹಾಲಿನಿಂದ ಪುಡಿ ಆಗುವುದಿಲ್ಲ ಎಂದು ಪರದೇಶದ ತಜ್ಞರು ಹೇಳುತ್ತಿದ್ದಾಗ ಅದನ್ನು ಮಾಡಿ ತೋರಿಸಿದವರು ಆಣಂದದಲ್ಲಿದ್ದ ಎಚ್.ಎಂ. ದಲಾಯಾ. ಕುರಿಯನ್ ತಮ್ಮ ಆತ್ಮಕಥೆಯಲ್ಲಿ ದಲಾಯಾ ಅವರನ್ನು ಹೆಸರು ಹಿಡಿದು ನೆನೆಯುತ್ತಾರೆ, ಅವರು ಮಾಡಿದ್ದೇನು ಎಂಬುದನ್ನೂ ಹೇಳುತ್ತಾರೆ.

ಸಂಘದ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ತಕರಾರು ಇದೆ. ಅತಿಥಿಗಳೆಲ್ಲ ಮಾತಾಡಿ, ಊಟದ ವಾಸನೆ ಬರುವ ಹೊತ್ತಿಗೆ ಸಿಬ್ಬಂದಿಯ ಕೈಗೆ ಮೈಕು ಬರುತ್ತದೆ. ಆಗ ಚೀಟಿ ಓದಿ ಮುಗಿಸದೆ ಅವರಾದರೂ ಏನು ಮಾಡಬೇಕು? ವರದಿ ಓದಿದ ಕೂಡಲೇ ಅವರಿಗೆ ಮೂರು ನಿಮಿಷ ಕೊಡಿ. ನನ್ನಂಥ ಅತಿಥಿಯ ಮಾತಿನಲ್ಲಿ ಮೂರು ನಿಮಿಷ ಕಡಿಮೆಯಾದರೆ ಯಾರೂ ಬೇಸರ ಪಡುವುದಿಲ್ಲ. ಚೀಟಿ ಬರೆದುಕೊಡುವ ಉಪಕಾರವನ್ನೂ ಮಾಡಬೇಡಿ. "ವೇದಿಕೆ ಮೇಲಿನ ಗಣ್ಯರೇ" ಎನ್ನುವುದನ್ನು ಮರೆತರೆ ಏನೂ ಹಾಳಾಗುವುದಿಲ್ಲ.

ರಟ್ಟಿನ ಮೇಲಿನ ನಾಲ್ಕನೆಯ ಶಬ್ದ ಗಾಡಿ. ಅದನ್ನು ಅವಳು ಮರೆತೇ ಕೆಳಗಿಳಿದಳು. ಮೂರು ಹೆಜ್ಜೆ ಹೋದವಳು ಹೊಳ್ಳಿ ಬಂದು ನಿರೂಪಕರ ಕೈಯಿಂದ ಮೈಕು ಇಸಿದುಕೊಂಡಳು. "ಅಯ್ಯ, ಹಾಲಿನ ಗಾಡಿ ಡ್ರೈವರ್ ಅಣ್ಣಾರ ಹೆಸರ ಬಿಟ್ಟೆ ನೋಡ್ರಿ. ಹಳ್ಳ ಬಂದ ದಿನ ಸುತ್ತ ಹಾಕ್ಕೊಂಡು ಬಂದು ಹಾಲು ಒಯ್ದವರು ಅವರ." ಡ್ರೈವರ್ ಆಗ ಸಭೆಯಲ್ಲಿ ಇರಲಿಲ್ಲ, ರೂಟಿನ ಮೇಲಿದ್ದರು. ಸಂಜೆ ಹಾಲಿನ ಪಾಳಿಯಲ್ಲಿ ಹೆಣ್ಣುಮಕ್ಕಳೇ ಅವರಿಗೆ ಸುದ್ದಿ ಮುಟ್ಟಿಸಿದರು.