ಮೌನ ಎಲ್ಲಿ ಬೀಳಬೇಕು?

ನಮಗೆ ಬರುವ ನಾಟಕಗಳ ಹಸ್ತಪ್ರತಿಗಳಲ್ಲಿ ಆವರಣದೊಳಗಿನ ‘ಮೌನ’ ಈಚೆಗೆ ಹೆಚ್ಚುತ್ತಿದೆ. ಬಹುಪಾಲು ಅದು ಬೇಕಾದ ಜಾಗಕ್ಕಿಂತ ಒಂದು ಮಾತು ತಡವಾಗಿ ಬಿದ್ದಿರುತ್ತದೆ.

ಹೆರಾಲ್ಡ್ ಪಿಂಟರ್ ಈ ವಿಷಯದಲ್ಲಿ ತುಂಬ ಕಟ್ಟುನಿಟ್ಟು. ಅವರ ಹಸ್ತಪ್ರತಿಯಲ್ಲಿ ಮೂರು ಚುಕ್ಕಿ, ‘ಪಾಸ್’, ‘ಸೈಲೆನ್ಸ್’ ಮೂರೂ ಬೇರೆ ಬೇರೆ. 1965ರಲ್ಲಿ ‘ದಿ ಹೋಂಕಮಿಂಗ್’ ನಿರ್ದೇಶಿಸಿದ ಪೀಟರ್ ಹಾಲ್ ಅವುಗಳನ್ನು ಹೀಗೆ ಬಿಡಿಸಿದರು: ಚುಕ್ಕಿಯಲ್ಲಿ ಪಾತ್ರ ಒಂದು ಕ್ಷಣ ತಡವರಿಸುತ್ತದೆ, ಪಾಸ್‌ನಲ್ಲಿ ಯೋಚನೆ ಒಳಗೊಳಗೇ ಮುಂದುವರಿಯುತ್ತದೆ, ಸೈಲೆನ್ಸ್ ಮುಗಿಯುವ ಹೊತ್ತಿಗೆ ಪಾತ್ರವೇ ಬದಲಾಗಿರುತ್ತದೆ.

ನಮ್ಮ ಕಡೆಯದೇ ಒಂದು ಸಂದರ್ಭ ಕಟ್ಟಿಕೊಳ್ಳೋಣ. ಮಗ ಊಟಕ್ಕೆ ಕೂತಿದ್ದಾನೆ.

ಅಪ್ಪ: ಗದ್ದೆ ಹೋದ ತಿಂಗಳೇ ಮಾರಿಬಿಟ್ಟೆ ಕಣೋ, ಇನ್ನೇನು ಮಾಡ್ಲಿ.
(ಮೌನ)
ಮಗ: ಯಾರಿಗೆ?

ಇಲ್ಲಿ ಮೌನ ಬಿದ್ದಿರುವುದು ಅಪ್ಪನ ಸಮಜಾಯಿಷಿಯ ಮೇಲೆ. ಸುದ್ದಿ ಮಾತ್ರ ಅದರ ಹಿಂದೆಯೇ ಕಳೆದುಹೋಯಿತು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ಮಾರಿಬಿಟ್ಟೆ’ ಕಿವಿಗೆ ಬೀಳುವವರೆಗೆ ಗದ್ದೆಗೆ ಏನಾಯಿತೆಂದು ಪ್ರೇಕ್ಷಕನಿಗೆ ಗೊತ್ತಿರುವುದಿಲ್ಲ. ಮಾತು ಅಲ್ಲೇ ನಿಲ್ಲಬೇಕು. ‘ಕಣೋ’ ಕೂಡ ಏಟನ್ನು ಮೆತ್ತಗಾಗಿಸುತ್ತದೆ.

ಅಪ್ಪ: ಗದ್ದೆ ಹೋದ ತಿಂಗಳೇ ಮಾರಿಬಿಟ್ಟೆ.
(ಮಗನ ಕೈ ತಟ್ಟೆಯಲ್ಲೇ ನಿಲ್ಲುತ್ತದೆ. ಮೌನ.)
ಅಪ್ಪ: ಇನ್ನೇನು ಮಾಡ್ಲಿ.

ತೆಗೆದ ಬಾಲ ಈಗ ಮೌನದ ಆಚೆ ದಡಕ್ಕೆ ಹೋಗಿದೆ, ಮೌನದ ಒಡೆಯನೂ ಬದಲಾಗಿದ್ದಾನೆ. ಮೊದಲಿನದರಲ್ಲಿ ‘ಯಾರಿಗೆ?’ ಎಂದು ಮಗನೇ ಮೌನ ಮುರಿಯುತ್ತಿದ್ದ, ಆದ್ದರಿಂದ ಅದು ಅವನು ಸುದ್ದಿಯನ್ನು ಅರಗಿಸಿಕೊಳ್ಳುವ ಹೊತ್ತು. ಈಗ ಅಪ್ಪನೇ ಮುರಿಯುತ್ತಾನೆ. ಮಗ ಮಾತಾಡಲು ಒಪ್ಪದಿದ್ದದ್ದನ್ನು ಅಪ್ಪನಿಗೆ ತಾಳಲಾಗಲಿಲ್ಲ. ಮೌನ ಯಾರದೆಂದು ತೀರ್ಮಾನಿಸುವುದು ಅದರ ನಂತರದ ಮಾತು, ಹಾಗಾಗಿ ಅದನ್ನು ಮೊದಲು ಬರೆದುಕೊಂಡು ಆಮೇಲೆ ಮೌನಕ್ಕೆ ಜಾಗ ಹುಡುಕುವುದು ಒಳ್ಳೆಯದು.

ಕೈ ನಿಲ್ಲುವ ಸೂಚನೆ ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ ನಟ ತುತ್ತು ಕಲಸುತ್ತಲೇ ಇರುತ್ತಾನೆ, ಅಪ್ಪ ನಿಟ್ಟುಸಿರು ಬಿಡುತ್ತಾನೆ, ಸಂಗೀತದವರು ಕೊಳಲು ನುಡಿಸುತ್ತಾರೆ. ಸೆಕೆಂಡುಗಳನ್ನು ಬರೆಯುವುದರಿಂದಲೂ ಪ್ರಯೋಜನವಿಲ್ಲ: ನಟ ಮನಸ್ಸಿನಲ್ಲೇ ಎಣಿಸತೊಡಗಿದರೆ ಕಣ್ಣಲ್ಲಿ ಗೊತ್ತಾಗಿಬಿಡುತ್ತದೆ. ಅವನು ಆ ಹೊತ್ತಿನಲ್ಲಿ ಏನನ್ನು ನುಂಗಿಕೊಳ್ಳುತ್ತಿದ್ದಾನೆ ಎಂಬುದು ಸ್ಪಷ್ಟವಿದ್ದರೆ ಅಳತೆ ತಾನಾಗಿ ಬರುತ್ತದೆ.

ತಾಲೀಮಿನಲ್ಲಿ ಮೌನವನ್ನು ತೆಗೆದು ಒಮ್ಮೆ ಓದಿಸಿ ನೋಡಬೇಕು. ನಂತರದ ಮಾತಿನ ಅರ್ಥ ಕಿಂಚಿತ್ತೂ ಬದಲಾಗದಿದ್ದರೆ ಅಲ್ಲಿ ಮೌನದ ಅಗತ್ಯವಿರಲಿಲ್ಲ. ಅರ್ಥ ಹುಟ್ಟದ ಕಡೆ ಪಾಸ್‌ಗಳನ್ನು ಬಿಟ್ಟುಬಿಡಿ ಎಂದು ಪಿಂಟರ್ ಕೂಡ ನಟರಿಗೆ ಹೇಳಿದ್ದುಂಟು. ಮುಂದಿನ ಸಂಚಿಕೆಗೆ ನಾಟಕ ಕಳಿಸುವವರು ಪ್ರತಿ ‘ಮೌನ’ದ ಹಿಂದಿನ ವಾಕ್ಯ ಯಾವ ಪದದಲ್ಲಿ ಮುಗಿಯುತ್ತದೆಂದು ದಯವಿಟ್ಟು ಇನ್ನೊಮ್ಮೆ ನೋಡಿ.